ಬೇರೆಯವರ ಫೋಟೋ, ನಿಮ್ಮ ಹೆಸರಿಗೆ ನೋಟಿಸ್

ಕಿನ್ನಾಳ ಗೊಂಬೆಗಳನ್ನು ವೆಬ್‌ಸೈಟ್ ಮಾಡಿ ಮಾರಲು ಹೊರಟ ಗಂಗಾವತಿಯ ಯುವಕನೊಬ್ಬ ಮುಂಬೈ ವಕೀಲರ ನೋಟಿಸ್ ಹಿಡಿದು ನನ್ನ ಬಳಿ ಬಂದ. ಒಂಬತ್ತು ಫೋಟೋಗಳಿಗೆ ಒಂದೂವರೆ ಲಕ್ಷ ರೂಪಾಯಿ ಕೇಳಿದ್ದರು. ಸೈಟ್ ಮಾಡಿಕೊಟ್ಟವನಿಗೆ ಫೋನ್ ಹಚ್ಚಿದರೆ, "ಗೂಗಲ್‌ನಾಗ ಸಿಕ್ಕಾವ್ರಿ, ಎಲ್ಲಾರೂ ಹಂಗ ಹಾಕ್ತಾರ" ಎಂದ. ಆಮೇಲೆ ಅವನು ಫೋನ್ ಎತ್ತಲೇ ಇಲ್ಲ. ದುಡ್ಡು ಎಣಿಸಿಕೊಂಡವನು ಹೀಗೆ ಜಾರಿಕೊಳ್ಳುವುದನ್ನು ಕುಷ್ಟಗಿ, ಯಲಬುರ್ಗಾದ ಕಕ್ಷಿದಾರರ ವಿಷಯದಲ್ಲೂ ಕಂಡಿದ್ದೇನೆ. ಸಿಟ್ಟು ಬರುತ್ತದೆ, ಏಕೆಂದರೆ ನೋಟಿಸ್ ಬರುವುದು ಸೈಟಿನ ಮಾಲೀಕನ ಹೆಸರಿಗೆ.

ಸೈಟ್ ಮಾಡುವ ಮೊದಲು ಅಂಥವೇ ಐದಾರು ಸೈಟ್ ನೋಡುವುದು ತಪ್ಪಲ್ಲ, ನೋಡಲೇಬೇಕು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬೆಲೆಯನ್ನು ಎಲ್ಲಿ ತೋರಿಸಿದ್ದಾರೆ, ಗೊಂಬೆಯ ಅಳತೆ ಹೇಗೆ ಹೇಳಿದ್ದಾರೆ, ಕೊರಿಯರ್ ಖರ್ಚು ಯಾವ ಹಂತದಲ್ಲಿ ಗೊತ್ತಾಗುತ್ತದೆ ಎಂಬುದನ್ನು ಬರೆದುಕೊಳ್ಳಿ. ಇದು ಆಲೋಚನೆ, ಇದನ್ನು ತೆಗೆದುಕೊಳ್ಳಬಹುದು. ಆಲೋಚನೆಗೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಅವರ ವಾಕ್ಯ, ಚಿತ್ರ, ಲೋಗೋ, ಕೋಡ್ ಇವು ಆ ರೂಪ. ಇವನ್ನು ಮುಟ್ಟಬೇಡಿ.

ಜನ ಹೆಚ್ಚು ಕಳೆದುಕೊಳ್ಳುವುದು ಫೋಟೋದಲ್ಲಿ. ಗರುಡನ ಗೊಂಬೆ ತಲೆತಲಾಂತರದ್ದು, ಅದರ ಫೋಟೋಗೆ ಯಾರ ಅಪ್ಪಣೆ ಬೇಕು ಎಂದು ಆ ಯುವಕ ಕೇಳಿದ. ಗೊಂಬೆಯ ಹಳೆಯ ಮಾದರಿ ಒಬ್ಬರ ಸೊತ್ತಲ್ಲ, ನಿಜ. ಆದರೆ ಬೆಳಕು, ಕೋನ ನೋಡಿ ತೆಗೆದ ಆ ಫೋಟೋ ತೆಗೆದವನದು. ಅದು ಪ್ರಕಟವಾದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ, ಮೂಲೆಯಲ್ಲಿ ಗುರುತು ಇಲ್ಲದಿದ್ದರೂ ಹಕ್ಕು ಇದ್ದೇ ಇರುತ್ತದೆ. 'ಕೃಪೆ' ಎಂದು ಕೆಳಗೆ ಹೆಸರು ಹಾಕಿದರೆ ಅದು ಅನುಮತಿ ಆಗುವುದಿಲ್ಲ. ಗೊತ್ತಿಲ್ಲದೆ ಆಯಿತೆಂದು ಸಾಬೀತು ಮಾಡಿದರೆ ಪರಿಹಾರದ ಹೊರೆ ಕಡಿಮೆಯಾಗಬಹುದು, ಆದರೆ ನೋಟಿಸ್ ಬಂದ ಮೇಲೂ ಫೋಟೋ ಹಾಗೇ ಬಿಟ್ಟರೆ ಆ ಮಾತು ನಿಲ್ಲುವುದಿಲ್ಲ. ಗೊತ್ತಿದ್ದೂ ನಕಲು ಮಾಡಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಎಂದು 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಇದೆ. ಇನ್ನೊಂದು ಕಷ್ಟವಿದೆ. ಹಕ್ಕುದಾರ ತಾನು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೂ ದಾವೆ ಹೂಡಬಹುದು. ಪ್ರತಿ ತಾರೀಖಿಗೂ ಕೊಪ್ಪಳದಿಂದ ಮುಂಬೈಗೆ ಓಡಾಡುವ ಖರ್ಚಿಗೆ ಹೆದರಿಯೇ ಎಷ್ಟೋ ಜನ ಕೇಳಿದಷ್ಟು ಕೊಟ್ಟುಬಿಡುತ್ತಾರೆ.

ಹಾಗೆ ಕೊಡಬೇಡಿ, ನೋಟಿಸನ್ನು ಮೂಲೆಗೂ ಎಸೆಯಬೇಡಿ. ಮೊದಲು ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅದೇ ದಿನ ಸೈಟಿನಿಂದ ಆ ಫೋಟೋ ತೆಗೆಸಿಹಾಕಿ. ನೋಟಿಸ್‌ನಲ್ಲಿ ಕೊಟ್ಟ ಗಡುವಿನೊಳಗೆ ವಕೀಲರ ಮೂಲಕ ಉತ್ತರ ಕೊಟ್ಟು, ಫೋಟೋ ಅವರದೇ ಎಂಬುದಕ್ಕೆ ದಾಖಲೆ ಕೇಳಿ. ನಾವು ಕೇಳಿದಾಗ ಒಂಬತ್ತರಲ್ಲಿ ನಾಲ್ಕಕ್ಕೆ ಮಾತ್ರ ಮೂಲ ಫೈಲ್ ತೋರಿಸಿದರು. ಆ ನಾಲ್ಕಕ್ಕೆ ರಾಜಿಯಾಗಿ, ಮುಂದೆ ದಾವೆ ಇಲ್ಲವೆಂದು ಬರೆಸಿಕೊಂಡ ಮೇಲೇ ಹಣ ಕೊಟ್ಟೆವು. ವಕೀಲರ ಫೀಸಿಗೆ ಹೆದರುವವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ. "ನಾಳೆ ಬಾ" ಎಂದು ಮೇಜಿನಾಚೆಯಿಂದ ಸಾಗಹಾಕಿದರೆ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಕೇಳಿ.

ಆ ಸೈಟಿನಲ್ಲಿ ಇನ್ನೊಂದು ನಕಲಿತ್ತು. ದೊಡ್ಡ ಕಂಪನಿಯೊಂದರ ಷರತ್ತುಗಳನ್ನು ಇದ್ದಂತೆಯೇ ಅಂಟಿಸಿದ್ದರು. ಅದರಲ್ಲಿ 30 ದಿನದೊಳಗೆ ವಾಪಸ್ ಎಂದಿತ್ತು. 27ನೇ ದಿನ ಮೂಗು ಮುರಿದ ಗೊಂಬೆಯೊಂದು ವಾಪಸ್ ಬಂತು, ಹಣ ಕೊಡಲೇಬೇಕಾಯಿತು. ಯಾರಿಂದಲೋ ನಕಲು ಮಾಡಿದ ಮಾತಾದರೂ ಗ್ರಾಹಕನಿಗೆ ಅದು ನೀವು ಕೊಟ್ಟ ಮಾತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಿಮ್ಮ ಹೆಸರು, ವಿಳಾಸ, ವಾಪಸಾತಿ ಮತ್ತು ದೂರಿನ ವಿವರ ಸೈಟಿನಲ್ಲಿ ಇರಬೇಕು. ಆ ಶೀರ್ಷಿಕೆಗಳನ್ನು ಬೇರೆ ಸೈಟ್ ನೋಡಿ ಪಟ್ಟಿ ಮಾಡಿ, ಕೆಳಗಿನ ಮಾತು ನಿಮ್ಮ ಕೈಲಾಗುವಷ್ಟನ್ನೇ ಬರೆಯಿರಿ. 'ಕಿನ್ನಾಳ' ಎಂಬ ಹೆಸರಿನಲ್ಲೂ ಎಚ್ಚರ ಬೇಕು. ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ಇದೆ, ಬೇರೆ ಊರಿನ ಗೊಂಬೆಗೆ ಆ ಹೆಸರು ಹಚ್ಚುವಂತಿಲ್ಲ.

ಕಡೆಗೆ ಯುವಕ ಕಿನ್ನಾಳಕ್ಕೇ ಹೋಗಿ, ಕಲಾವಿದರನ್ನು ಕೇಳಿ, ದುಡ್ಡು ಕೊಟ್ಟು ಫೋಟೋ ತೆಗೆಸಿದ. ಬೇರೆ ಒಪ್ಪಂದ ಇಲ್ಲದಿದ್ದರೆ ಹೀಗೆ ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವನದೇ. ಸೈಟಿನ ಕೋಡ್‌ಗೂ ಬರವಣಿಗೆಗೂ ಮಾತ್ರ ಈ ಮಾತು ಹೊಂದುವುದಿಲ್ಲ. ಗುತ್ತಿಗೆಯ ಮೇಲೆ ಮಾಡಿಕೊಟ್ಟವನು ಸಹಿ ಮಾಡಿ ಬರೆದುಕೊಡದಿದ್ದರೆ ಹಕ್ಕು ಅವನ ಬಳಿಯೇ ಉಳಿಯುತ್ತದೆ. ಬರೆದುಕೊಟ್ಟರೂ ಅವಧಿ ನಮೂದಿಸದಿದ್ದರೆ ಐದೇ ವರ್ಷ. ಆದ್ದರಿಂದ ಕಡೆಯ ಕಂತು ಕೊಡುವ ಮೊದಲು ಒಂದು ಹಾಳೆಯ ಮೇಲೆ ಎರಡು ಮಾತು ಬರೆಸಿಕೊಳ್ಳಿ: ಇದರ ಹಕ್ಕು ಪೂರ್ಣಾವಧಿಗೆ ನಿಮ್ಮದು, ಬೇರೆಯವರಿಂದ ಏನಾದರೂ ನಕಲು ಮಾಡಿದ್ದರೆ ಅದರ ನಷ್ಟ ಮಾಡಿಕೊಟ್ಟವನದು.