ಶಿಫಾರಸು ಪತ್ರ ಕೇಳುವುದು ಹೇಗೆ?

ಇವಳು ಲೆಕ್ಕದ ಅಕ್ಕ. ಬಿ.ಕಾಂ. ಓದಿದ್ದಾಳೆ. ಯಾರ ಹತ್ತಿರವೂ ಸಂಬಳಕ್ಕಿಲ್ಲ. ನಾಲ್ಕಾರು ಅಂಗಡಿಗಳ ಲೆಕ್ಕವನ್ನು ಸ್ವಂತವಾಗಿ ಬರೆದುಕೊಡ್ತಾಳೆ.

ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುವವರು ಬೇಕಾಗಿದ್ದರು. ಅಕ್ಕ ಹೋಗಿ ಕೇಳಿದಳು. "ನಿಮ್ಮ ಕೆಲಸ ಕಂಡವರಿಂದ ಒಂದು ಪತ್ರ ತನ್ನಿ" ಎಂದರು ಗಿರಣಿಯ ಯಜಮಾನರು. ಗುರುತಿಲ್ಲದವರ ಕೈಗೆ ಹಣದ ಪುಸ್ತಕವನ್ನು ಯಾರು ಕೊಡ್ತಾರೆ?

ಪಾತ್ರೆ ಅಂಗಡಿಯ ಯಜಮಾನಿ ಅಕ್ಕನ ಕೆಲಸ ಮೆಚ್ಚಿದ್ದರು. ಆದರೆ "ಒಂದು ಪತ್ರ ಕೊಡಿ" ಎಂದಷ್ಟೇ ಕೇಳಿದರೆ "ಇವರು ಒಳ್ಳೆಯವರು" ಎಂದು ಬರೆದುಕೊಡ್ತಾರೆ. ಅದರಿಂದ ಗಿರಣಿಯವರಿಗೆ ಏನು ತಿಳಿಯುತ್ತದೆ? ಆದ್ದರಿಂದ ಅಕ್ಕ ಹೀಗೆ ಬರೆದಳು:

ಮಾನ್ಯ ಯಜಮಾನಿಯವರಿಗೆ ನಮಸ್ಕಾರ.

ನಿಮ್ಮ ಅಂಗಡಿಯ ಲೆಕ್ಕವನ್ನು 2022ರ ಏಪ್ರಿಲ್‌ನಿಂದ ಬರೆಯುತ್ತಿದ್ದೇನೆ. ಕೆಲಸ ಚೆನ್ನಾಗಿದೆ ಎಂದು ಹೋದ ವಾರ ಹೇಳಿದಿರಿ. ಈಗ ಒಂದು ಎಣ್ಣೆ ಗಿರಣಿಯ ಲೆಕ್ಕದ ಕೆಲಸ ಕೇಳಿದ್ದೇನೆ. ಅವರಿಗೆ ತೋರಿಸಲು ನಿಮ್ಮಿಂದ ಶಿಫಾರಸು ಪತ್ರ ಬೇಕಾಗಿದೆ.

ನೀವು ಕಂಡದ್ದನ್ನು ಮಾತ್ರ ಬರೆಯಿರಿ. ನೆನಪಿಗೆ ಮೂರು ವಿಷಯ:
1. ನಗದು ಪುಸ್ತಕವನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಪ್ರತಿ ತಿಂಗಳು ತಾಳೆ ನೋಡಿದ್ದು.
2. ಆಯಾ ತಿಂಗಳ ಜಿಎಸ್‌ಟಿ ಲೆಕ್ಕವನ್ನು ಮರುತಿಂಗಳ 20ರೊಳಗೆ ಸಲ್ಲಿಸಿದ್ದು. ಒಮ್ಮೆಯೂ ತಡವಾಗಿ ದಂಡ ಬೀಳಲಿಲ್ಲ.
3. ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗಿದ್ದನ್ನು ಹಿಡಿದದ್ದು.

ವ್ಯಾಪಾರ, ಲಾಭ, ಸಾಲದ ಅಂಕಿ ಬರೆಯಬೇಡಿ. ಅವು ನಿಮ್ಮ ಅಂಗಡಿಯ ಗುಟ್ಟು. ನನ್ನನ್ನು ‘ಆಡಿಟರ್’ ಎಂದೂ ಬರೆಯಬೇಡಿ.

ಪತ್ರ ಈ ತಿಂಗಳ 15ರೊಳಗೆ ಸಿಕ್ಕರೆ ಅನುಕೂಲ. ಬರೆಯಲು ಆಗದಿದ್ದರೆ ಸಂಕೋಚ ಬೇಡ. ನಿಮ್ಮ ಲೆಕ್ಕದ ಕೆಲಸ ಎಂದಿನಂತೆ ನಡೆಯುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
(ಸಹಿ, ತಾರೀಖು)

‘ಆಡಿಟರ್’ ಮಾತು ಏಕೆ ಬೇಡ? ನಮ್ಮ ಪೇಟೆಗಳಲ್ಲಿ ಲೆಕ್ಕ ಬರೆಯುವವರನ್ನೆಲ್ಲ ಹಾಗೇ ಕರೀತಾರೆ. ಆದರೆ ಅಂಗಡಿಯ ಲೆಕ್ಕ ಪರಿಶೋಧಿಸಿ, ಸರಿಯಾಗಿದೆ ಎಂದು ಕಾನೂನಿನ ಪ್ರಕಾರ ಸಹಿ ಹಾಕಲು ಸಿ.ಎ. ಪಾಸಾಗಿರಬೇಕು. ಅಕ್ಕ ಸಿ.ಎ. ಅಲ್ಲ. ಪತ್ರದಲ್ಲಿ ಒಂದು ಸುಳ್ಳು ಕಂಡರೆ ಉಳಿದ ನಿಜವನ್ನೂ ಯಾರೂ ನಂಬೋದಿಲ್ಲ.

ಪತ್ರ ಓದಿ ಯಜಮಾನಿ ನಕ್ಕರು. "ನನಗೆಲ್ಲಿ ಪುರುಸೊತ್ತು? ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ" ಎಂದರು.

"ಬೇಡ ಅಮ್ಮಾ. ನೀವು ಹೇಳಿ, ನಾನು ಹೇಳಿದ ಹಾಗೇ ಬರ್ಕೋತೀನಿ. ಅವರು ಫೋನ್ ಮಾಡಿ ಕೇಳಿದರೆ ನೀವೇ ಉತ್ತರ ಕೊಡಬೇಕಲ್ಲ" ಎಂದಳು ಅಕ್ಕ.

ಯಜಮಾನಿ ಹೇಳಿದರು. ಅಕ್ಕ ಬರೆದಳು, ಓದಿ ಕೇಳಿಸಿದಳು. ಯಜಮಾನಿ ತಾರೀಖು ಹಾಕಿ, ಸಹಿ ಮಾಡಿ, ಅಂಗಡಿಯ ಮೊಹರು ಒತ್ತಿದರು.

ಎರಡು ದಿನದ ಮೇಲೆ ಗಿರಣಿಯಿಂದ ಫೋನ್ ಬಂತು. "ಎರಡು ಸಲ ಹಣ ಹೋಗಿದ್ದು ಹೇಗೆ ಸಿಕ್ಕಿತು?" ಎಂದು ಕೇಳಿದರು. "ಪಾಸ್‌ಬುಕ್ ತಾಳೆ ನೋಡುವಾಗ ಹಿಡಿದಳು. ಹಣ ವಾಪಸ್ ಬಂತು" ಎಂದರು ಯಜಮಾನಿ, ತಡವರಿಸದೆ.

ಉತ್ತರ ಬರೆಯಿರಿ
1. ಅಕ್ಕ ಯಾವ ಮೂರು ಕೆಲಸಗಳನ್ನು ನೆನಪಿಸಿದಳು?
2. ಯಾವ ಅಂಕಿಗಳು ಪತ್ರದಲ್ಲಿ ಬೇಡ ಎಂದಳು? ಏಕೆ?
3. ನಿಮ್ಮ ಕೆಲಸ ಮೆಚ್ಚಿದ ಒಬ್ಬರಿಗೆ ಇಂಥ ಪತ್ರ ಬರೆಯಿರಿ.