ಹೊಸಬರನ್ನು ಗೇಟಿನಲ್ಲಿ ಕಾಯಿಸದ ಸ್ವಾಗತ ಮೇಲ್: ಆರು ಸೂತ್ರಗಳು

ಹುಬ್ಬಳ್ಳಿಯವರೊಬ್ಬರು ಮುಂದಿನ ಸೋಮವಾರ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ನಿಮ್ಮ ಕಚೇರಿಗೆ ಸೇರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಟೆಕ್ ಪಾರ್ಕಿನ ಗೇಟಿನಲ್ಲಿ ಸೆಕ್ಯುರಿಟಿಯವರು “ಯಾರನ್ನ ನೋಡ್ಬೇಕು?” ಎಂದಾಗ ಅವರ ಬಳಿ ಉತ್ತರವಿರಬೇಕು. ಆ ಉತ್ತರ ನಿಮ್ಮ ಮೇಲ್‌ನಲ್ಲೇ ಸಿಗಬೇಕು.

1. ಒಂದು ವಾರ ಮೊದಲೇ ಕಳುಹಿಸಿ. ಶುಕ್ರವಾರ ಸಂಜೆ ಕಳುಹಿಸಿದರೆ ಸಂದೇಹ ಕೇಳಲು ಕೆಲಸದ ದಿನವೇ ಉಳಿಯುವುದಿಲ್ಲ. ಅವರ ಸ್ವಂತ ಇಮೇಲ್ ಐಡಿಗೇ ಕಳುಹಿಸಿ. ಕಂಪನಿಯ ಐಡಿ ಅವರ ಕೈಗೆ ಬರುವುದು ಲ್ಯಾಪ್‌ಟಾಪ್ ಸಿಕ್ಕ ಮೇಲೆ.

2. ವಿಷಯದ ಸಾಲಿನಲ್ಲೇ ದಿನ, ಹೊತ್ತು, ಜಾಗ ಬರೆಯಿರಿ. ಬರೀ “ಸುಸ್ವಾಗತ” ಎಂದರೆ ಸೋಮವಾರ ಆಟೊದಲ್ಲಿ ಕುಳಿತು ಹುಡುಕಬೇಕಾಗುತ್ತದೆ. “ನಿಮ್ಮ ಮೊದಲ ದಿನ: ಸೋಮವಾರ ಬೆಳಿಗ್ಗೆ 10, ಗೇಟ್ 2” ಎಂದರೆ ಒಮ್ಮೆ ನೋಡಿದರೆ ಸಾಕು. ಕಚೇರಿ 9ಕ್ಕೆ ಶುರುವಾದರೂ 10ಕ್ಕೆ ಕರೆಯಿರಿ. ಅಷ್ಟರಲ್ಲಿ ಬರಮಾಡಿಕೊಳ್ಳುವವರು ಬಂದು ಸಿದ್ಧರಾಗಿರುತ್ತಾರೆ.

3. ಗೇಟಿನಿಂದ ರಿಸೆಪ್ಷನ್‌ವರೆಗೆ ದಾರಿ ಹೇಳಿ. ಮ್ಯಾಪ್‌ನ ಲೊಕೇಶನ್ ಒಂದೇ ಸಾಲದು. ದೊಡ್ಡ ಪಾರ್ಕುಗಳಲ್ಲಿ ಗೇಟು, ಬ್ಲಾಕು ಹಲವು ಇರುತ್ತವೆ. ಹತ್ತಿರದ ಮೆಟ್ರೊ ನಿಲ್ದಾಣ, ಗೇಟಿನ ಸಂಖ್ಯೆ, ಬ್ಲಾಕ್, ಮಹಡಿ ಬರೆಯಿರಿ. ಅವರು ಬರುವ ಮುಂಚಿನ ಕೆಲಸದ ದಿನವೇ ಹೆಸರನ್ನು ಸಂದರ್ಶಕರ ಪಟ್ಟಿಗೆ ಸೇರಿಸಿ. ಫೋಟೊ ಇರುವ ಗುರುತಿನ ಚೀಟಿ ತರಲು ಹೇಳಿ.

4. ಮೊದಲ ದಿನ ಬೇಕಾದ ಕಾಗದಗಳನ್ನಷ್ಟೇ ಕೇಳಿ. ಪ್ಯಾನ್, ಬ್ಯಾಂಕ್ ವಿವರ, ಹಿಂದಿನ ಕೆಲಸದಲ್ಲಿ ಪಿಎಫ್ ಇದ್ದರೆ ಯುಎಎನ್ ಸಂಖ್ಯೆ. ಯುಎಎನ್ ಕೇಳದೆ ಹೊಸದು ಮಾಡಿಸಿದರೆ ಹಳೆಯ ಖಾತೆಯ ಹಣ ಒಗ್ಗೂಡಿಸಲು ಮುಂದೆ ಅಲೆದಾಟ. ಯಾವುದರ ಮೂಲ ಪ್ರತಿ, ಯಾವುದರ ಜೆರಾಕ್ಸ್ ಎಂದೂ ತಿಳಿಸಿ. ರಿಲೀವಿಂಗ್ ಲೆಟರ್ ತಡವಾಗುವುದುಂಟು. “ಬಂದಿಲ್ಲದಿದ್ದರೆ ರಾಜೀನಾಮೆ ಒಪ್ಪಿದ ಮೇಲ್ ತನ್ನಿ, ಪತ್ರವನ್ನು ಆಮೇಲೆ ಕೊಡಿ” ಎನ್ನುವುದು ನಿಮ್ಮ ಕಂಪನಿಗೆ ಒಪ್ಪಿಗೆಯಾದರೆ ಅದನ್ನೇ ಬರೆಯಿರಿ. ಅವರ ಆ ವಾರದ ನಿದ್ದೆ ಉಳಿಯುತ್ತದೆ.

5. ಇಬ್ಬರ ಹೆಸರು, ಇಬ್ಬರ ಮೊಬೈಲ್ ಕೊಡಿ. ಎಚ್‌ಆರ್ ತಂಡದ ಸಾಮಾನ್ಯ ಐಡಿಗೆ ಬಂದ ಮೇಲ್ ಬೆಳಿಗ್ಗೆ ಹತ್ತಕ್ಕೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಹೀಗೆ ಬರೆಯಿರಿ:

“ಗೇಟಿಗೆ ಬಂದ ಕೂಡಲೇ ನನಗೆ ಕರೆ ಮಾಡಿ, ನಾನೇ ಕೆಳಗೆ ಬರುತ್ತೇನೆ. ನಾನು ಸಿಗದಿದ್ದರೆ ರಿಸೆಪ್ಷನ್‌ನವರಿಗೆ ಮಾಡಿ. ಕೆಲಸದ ಬಗ್ಗೆ ಕೇಳುವುದಿದ್ದರೆ ನಿಮ್ಮ ಮ್ಯಾನೇಜರ್‌ಗೆ ಈಗಲೇ ಬರೆಯಬಹುದು.”

ಪ್ರತಿ ಹೆಸರಿನ ಮುಂದೆ ಸಂಖ್ಯೆ ಇರಲಿ. ಹೆಸರು ಕೊಟ್ಟವರಿಗೆ ಮೊದಲೇ ತಿಳಿಸಿ, ಆ ದಿನ ಅವರಲ್ಲಿ ಯಾರೂ ರಜೆಯಲ್ಲಿಲ್ಲ ಎಂದು ಖಚಿತಪಡಿಸಿಕೊಳ್ಳಿ.

6. ಒಂದು ಸಾಲಿನ ಉತ್ತರ ಕೇಳಿ. “ಗುರುವಾರದೊಳಗೆ ‘ಬರುತ್ತೇನೆ’ ಎಂದು ಬರೆಯಿರಿ” ಎನ್ನಿ. ಉತ್ತರ ಬಾರದಿದ್ದರೆ ಇನ್ನೊಂದು ಮೇಲ್ ಕಳುಹಿಸಬೇಡಿ, ಫೋನ್ ಮಾಡಿ. ಮೇಲ್ ಸ್ಪ್ಯಾಮ್‌ಗೆ ಹೋಗಿರಬಹುದು, ಹಳೆಯ ಕಂಪನಿ ಬಿಡುಗಡೆ ಮಾಡದೆ ಇರಬಹುದು, ಬೇರೆ ಆಫರ್ ಕೈಗೆ ಬಂದಿರಬಹುದು. ಗುರುವಾರವೇ ಗೊತ್ತಾದರೆ ದಿನ ಮುಂದೂಡಲು ನಿಮಗೆ ಶುಕ್ರವಾರ ಇರುತ್ತದೆ.