ಒಂದೇ ಕಿವಿಗೆ ಹಾಡು ಕೇಳಿಸಿದರೆ

ಇಯರ್‌ಬಡ್ ಕನೆಕ್ಟ್ ಆಗಿದೆ ಎಂದು ಫೋನ್ ತೋರಿಸುತ್ತದೆ, ಹಾಡು ಮಾತ್ರ ಎಡಗಿವಿಗಷ್ಟೇ. ಅಂಗಡಿಗೆ ಓಡುವ ಮೊದಲು ಎರಡನ್ನೂ ಕೇಸ್‌ನಲ್ಲಿಟ್ಟು ನೋಡಿ. ಬಲಗಡೆಯದು ಚಾರ್ಜ್ ಆಗುತ್ತಿರುವ ಸೂಚನೆಯೇ ಇಲ್ಲದಿದ್ದರೆ ಅದರ ಬ್ಯಾಟರಿ ಬರಿದಾಗಿರಬಹುದು. ಬಡ್‌ನ ಲೋಹದ ಚುಕ್ಕೆಗಳ ಮೇಲೆ ಬೆವರು, ಗುಗ್ಗೆ ಕೂತರೆ ಚಾರ್ಜ್ ಹತ್ತುವುದಿಲ್ಲ. ಒಣ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಹಾಗೇ ಬಿಡಿ.

ಚಾರ್ಜ್ ಇದ್ದೂ ಸದ್ದಿಲ್ಲವೇ? ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ-ಬಲ ಬ್ಯಾಲೆನ್ಸ್ ಒಂದು ಪಕ್ಕಕ್ಕೆ ಸರಿದಿದೆಯೇ ನೋಡಿ. ಅದೂ ಸರಿಯಿದ್ದರೆ ಎರಡು ಬಡ್‌ಗಳ ನಡುವಿನ ಹೊಂದಾಣಿಕೆ ತಪ್ಪಿರಬಹುದು. ಬ್ಲೂಟೂತ್ ಪಟ್ಟಿಯಿಂದ ಇಯರ್‌ಬಡ್‌ನ ಹೆಸರು ಅಳಿಸಿ, ಕೈಪಿಡಿಯಲ್ಲಿ ಹೇಳಿದಂತೆ ರೀಸೆಟ್ ಮಾಡಿ, ಮತ್ತೆ ಪೇರ್ ಮಾಡಿ. ಹೆಸರು ಅಳಿಸದೆ ರೀಸೆಟ್ ಮಾಡಿದರೆ ಫೋನ್ ಹಳೆಯ ಜೋಡಣೆಯನ್ನೇ ಹಿಡಿದು ಕೂರುವುದುಂಟು.

ಹಾಡು ತಡವರಿಸುವುದು ಬೇರೆಯೇ ಕಥೆ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ. ನೀರು ತುಂಬಿದ ನಮ್ಮ ಮೈ ಅದನ್ನು ಚೆನ್ನಾಗಿಯೇ ಹೀರುತ್ತದೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿರುವ ಫೋನನ್ನು ಕೈಗೆತ್ತಿಕೊಳ್ಳಿ. ತಡವರಿಕೆ ನಿಂತರೆ ಅಡ್ಡ ಬಂದದ್ದು ನಿಮ್ಮ ದೇಹವೇ! ಮನೆಯಲ್ಲಿ ರೌಟರ್ ಪಕ್ಕದಲ್ಲಷ್ಟೇ ಹೀಗಾಗುತ್ತಿದ್ದರೆ, ಫೋನಿನ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ; ಅಲೆಗಳ ನೂಕುನುಗ್ಗಲು ತಗ್ಗುತ್ತದೆ.

ಇಷ್ಟಾದ ಮೇಲೂ, ಇನ್ನೊಂದು ಫೋನಿಗೆ ಜೋಡಿಸಿದಾಗಲೂ ಅದೇ ಬಡ್ ಮೂಕವಾಗಿದ್ದರೆ ದೋಷ ಬಡ್‌ನದೇ. ವಾರಂಟಿ ಮುಗಿಯುವ ಮೊದಲೇ ಬಿಲ್ ಹುಡುಕಿಕೊಂಡು ಹೋಗಿ.